ಬಿಗಿದುಕೊಂಡ ಆಯಿಲ್ ಫಿಲ್ಟರ್ ಬಿಚ್ಚುವ ಕ್ರಮ

ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ ಬದಲಾಯಿಸುವಾಗ ಅನೇಕ ರೈತರಿಗೆ ಎದುರಾಗುವ ತೊಂದರೆಯೆಂದರೆ ಡಬ್ಬಿಯಾಕಾರದ ಆಯಿಲ್ ಫಿಲ್ಟರ್ ಅಲುಗಾಡದಿರುವುದು. ಪಟ್ಟಿ ಸ್ಪ್ಯಾನರ್ ಹಾಕಿ ಎಳೆದರೂ ಪಟ್ಟಿ ಮಾತ್ರ ಜಾರುತ್ತದೆ.

ಇದಕ್ಕೆ ಎರಡು ಕಾರಣಗಳಿವೆ. ಹಿಂದಿನ ಸಲ ಫಿಲ್ಟರನ್ನು ಕೈಯಿಂದ ಬಿಗಿಯದೆ ಸ್ಪ್ಯಾನರಿನಿಂದ ಬಿಗಿದಿದ್ದರೆ, ಅಥವಾ ರಬ್ಬರ್ ವಾಷರಿಗೆ ಎಣ್ಣೆ ಸವರದೆ ಕೂಡಿಸಿದ್ದರೆ, ಎಂಜಿನ್ನಿನ ಶಾಖಕ್ಕೆ ವಾಷರ್ ಲೋಹಕ್ಕೆ ಅಂಟಿಕೊಳ್ಳುತ್ತದೆ. ಎರಡನೆಯದು, ಡಬ್ಬಿಯ ಮೇಲಿನ ಎಣ್ಣೆಯ ಪದರ. ಇದು ಇರುವತನಕ ಎಷ್ಟು ಬಲ ಹಾಕಿದರೂ ಪ್ರಯೋಜನವಿಲ್ಲ.

ಉದಾಹರಣೆಗೆ, 35 ಅಶ್ವಶಕ್ತಿಯ ಟ್ರ್ಯಾಕ್ಟರೊಂದರಲ್ಲಿ ಪಟ್ಟಿಯು ಡಬ್ಬಿಯ ಹೊರತುದಿಯಲ್ಲಿ ಜಾರುತ್ತಿದೆಯೆನ್ನಿ. ಮೊದಲು ಎಂಜಿನ್ನನ್ನು ಸುಮಾರು 5 ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಾದ ವಾಷರ್ ಸುಲಭವಾಗಿ ಬಿಡುತ್ತದೆ. ಡಬ್ಬಿಯನ್ನು ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ಎಣ್ಣೆಯನ್ನು ಬಸಿದು, ಡಬ್ಬಿಯನ್ನೂ ಪಟ್ಟಿಯನ್ನೂ ಸಾಬೂನು ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿರಿ. ಸೀಮೆಎಣ್ಣೆಯಿಂದ ಮಾತ್ರ ಒರೆಸಿದರೆ ಜಿಡ್ಡು ಉಳಿಯುತ್ತದೆ.

ಅನಂತರ ಒರಟು ಉಪ್ಪುಕಾಗದದ ಪಟ್ಟಿಯೊಂದನ್ನು, ಮರಳಿನ ಮುಖ ಡಬ್ಬಿಗೆ ತಾಗುವಂತೆ ಒಂದೇ ಸುತ್ತು ಸುತ್ತಿ, ಅದರ ಮೇಲೆ ಸ್ಪ್ಯಾನರಿನ ಪಟ್ಟಿ ಹಾಕಬೇಕು. ಪಟ್ಟಿಯು ಎಂಜಿನ್ನಿಗೆ ಹತ್ತಿರದ ತುದಿಯಲ್ಲಿರಲಿ. ಅಲ್ಲಿ ಒಳಗೆ ದಪ್ಪ ತಗಡಿರುವುದರಿಂದ ಡಬ್ಬಿ ನಜ್ಜಾಗುವುದಿಲ್ಲ. ಹೊರತುದಿ ತೆಳುವಾಗಿದ್ದು ಒಳಗೆ ಕುಸಿದು ಪಟ್ಟಿಯನ್ನು ಸಡಿಲ ಬಿಡುತ್ತದೆ. ಹಿಡಿಯನ್ನು ಎಳೆದಾಗ ಪಟ್ಟಿ ಇನ್ನಷ್ಟು ಬಿಗಿಯಾಗುವಂತಿರಬೇಕು. ಡಬ್ಬಿಯ ಮುಚ್ಚಿದ ತುದಿಯಿಂದ ನೋಡಿದಾಗ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಜಗ್ಗದೆ ಒಂದೇ ಸಮನೆ ಎಳೆಯಿರಿ. ಕಾಲು ಸುತ್ತು ತಿರುಗಿದರೆ ಸಾಕು. ಉಳಿದುದನ್ನು ಕೈಯಿಂದ ಬಿಚ್ಚಬಹುದು.

ಆಗಲೂ ಬಾರದಿದ್ದರೆ ಕೆಲವರು ಡಬ್ಬಿಗೆ ಸ್ಕ್ರೂಡ್ರೈವರ್ ಹೊಡೆದು ತಿರುಗಿಸುತ್ತಾರೆ. ಹೊಸ ಫಿಲ್ಟರ್ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ತೂತಾದ ಮೇಲೆ ಎಂಜಿನ್ ಓಡಿಸುವಂತಿಲ್ಲ, ಮತ್ತು ತಗಡು ಹರಿದು ತಳದ ಬಿಲ್ಲೆ ಮಾತ್ರ ಎಂಜಿನ್ನಿನಲ್ಲೇ ಉಳಿಯಬಹುದು. ಹಾಗಾದರೆ ಬಿಲ್ಲೆಯ ಅಂಚಿಗೆ ಉಳಿಯಿಟ್ಟು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟುತ್ತ ತಿರುಗಿಸಬೇಕಾಗುತ್ತದೆ. ವಾಷರ್ ಕೂರುವ ಮುಖಕ್ಕೆ ಉಳಿ ತಾಗಿದರೆ ಮುಂದೆ ಅಲ್ಲಿಂದ ಎಣ್ಣೆ ಸೋರುತ್ತದೆ. ಆದ್ದರಿಂದ ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಫಿಲ್ಟರ್ ಬಂದೊಡನೆ ಹಳೆಯ ವಾಷರ್ ಅದರೊಡನೆ ಬಂದಿದೆಯೇ ನೋಡಿರಿ. ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ಕೂಡಿಸಿದರೆ ಎಣ್ಣೆ ಒತ್ತಡದಿಂದ ಹೊರಚಿಮ್ಮುತ್ತದೆ. ಹೊಸ ವಾಷರಿಗೆ ಎಂಜಿನ್ ಎಣ್ಣೆ ಸವರಿ, ಅದು ಮುಖಕ್ಕೆ ತಾಗಿದಾಗ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಕೈಯಿಂದ ಮತ್ತೆ ಸುಮಾರು ಮುಕ್ಕಾಲು ಸುತ್ತು ಬಿಗಿಯಿರಿ. ಫಿಲ್ಟರಿನ ಮೇಲೆ ಬೇರೆ ಅಳತೆ ಅಚ್ಚಾಗಿದ್ದರೆ ಅದನ್ನೇ ಪಾಲಿಸಿರಿ. ಎಣ್ಣೆ ತುಂಬಿ ಎಂಜಿನ್ ಓಡಿಸಿ, ಸೋರಿಕೆ ಇಲ್ಲವೆಂದು ನೋಡಿ, ನಿಲ್ಲಿಸಿದ ಮೇಲೆ ಕಡ್ಡಿಯಿಂದ ಎಣ್ಣೆಯ ಮಟ್ಟ ಪರೀಕ್ಷಿಸಿರಿ. ಹೀಗೆ ಕೂಡಿಸಿದ ಫಿಲ್ಟರ್ ಮುಂದಿನ ಸಲ ಬಿಚ್ಚುವಾಗ ಅಷ್ಟು ಬಲ ಬೇಡುವುದಿಲ್ಲ.