ಉಮ್ಮನ ಮರೆವು: ಮೊದಲು ಮಾತ್ರೆಗಳ ಚೀಲ ತೆರೆದು ನೋಡಿ

ಅಸ್ರ್ ನಮಾಝಿನಲ್ಲಿ ಇದು ಮೂರನೇ ರಕಅತೋ ನಾಲ್ಕನೆಯದೋ ಎಂದು ನಿಮ್ಮ ತಾಯಿಗೆ ಗೊಂದಲವಾದರೆ ಗಾಬರಿಪಡಬೇಕಾಗಿಲ್ಲ. ಅದು ಮೂವತ್ತರ ವಯಸ್ಸಿನವರಿಗೂ ಆಗುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ನೆಂಟರ ಹೆಸರು ತಕ್ಷಣ ಬಾಯಿಗೆ ಬಾರದೆ ಸಂಜೆ ನೆನಪಾಗುವುದು, ಇವೂ ವಯಸ್ಸಿನ ಸಹಜ ಮರೆವುಗಳೇ.

ಆದರೆ ನಮಾಝ್ ಮುಗಿಸಿದ ಹತ್ತು ನಿಮಿಷಕ್ಕೆ ಅವರು ಮತ್ತೆ ಮುಸಲ್ಲಾ ಹಾಸುತ್ತಾರೆ. "ಈಗಷ್ಟೇ ಮಾಡಿದಿರಲ್ಲ ಉಮ್ಮಾ" ಎಂದರೆ "ಇಲ್ಲ, ಮಾಡಿಲ್ಲ" ಎಂದು ವಾದಿಸುತ್ತಾರೆ. ಇದು ಬೇರೆಯೇ ವಿಷಯ. ಸಹಜ ಮರೆವಿನಲ್ಲಿ ನೆನಪಿಸಿದರೆ "ಹೌದಲ್ಲ" ಎಂಬ ಮಾತು ಬರುತ್ತದೆ. ರೋಗದ ಮರೆವಿನಲ್ಲಿ ಆ ಘಟನೆಯೇ ಮನಸ್ಸಿನಲ್ಲಿ ದಾಖಲಾಗಿರುವುದಿಲ್ಲ. ಐವತ್ತು ವರ್ಷ ಮಾಡಿದ ವುಝೂವಿನ ಕ್ರಮ ತಪ್ಪುವುದು, ದಿನಾಲೂ ಹೋಗುವ ಮಸೀದಿಯಿಂದ ಮನೆಗೆ ಬರುವ ದಾರಿ ತಂದೆಗೆ ತಿಳಿಯದಾಗುವುದು, ಕೈಪಳಗಿದ ಅಡುಗೆಯ ನಡುವೆ ಮುಂದೇನು ಎಂದು ನಿಂತುಬಿಡುವುದು, ಇವೂ ಅದೇ ಸಾಲಿನವು. ಇಂತಹವು ತಿಂಗಳುಗಳಿಂದ ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಹಾಗೆಂದು ನೀವೇ "ಡಿಮೆನ್ಶಿಯಾ" ಎಂದು ತೀರ್ಮಾನಿಸಿಬಿಡಬೇಡಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ 12 ವರ್ಷಗಳಿಂದ ಮೆಟ್‌ಫಾರ್ಮಿನ್, ಎದೆಯುರಿಗೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಾರೆ. ಒಂದು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಾರೆ, ಮಂಕಾಗಿ ಕೂರುತ್ತಾರೆ. ಪಾದಗಳಲ್ಲಿ ಜೋಮು. "ಅದು ಶುಗರಿನದ್ದು" ಎಂದು ಮನೆಯವರು ಬಿಟ್ಟಿದ್ದಾರೆ.

ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ವಿಟಮಿನ್ ಬಿ12 ಕೊರತೆಯನ್ನು. ನರಗಳ ಹೊದಿಕೆ ಸರಿಯಾಗಿರಲು ಈ ವಿಟಮಿನ್ ಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಆಹಾರದಿಂದ ಅದನ್ನು ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಎದೆಯುರಿಯ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. "ನಮ್ಮಲ್ಲಿ ಮೀನು, ಮಾಂಸ ತಪ್ಪುವುದಿಲ್ಲ, ಬಿ12 ಹೇಗೆ ಕಡಿಮೆಯಾದೀತು?" ಎಂದು ಕೇಳುವವರಿದ್ದಾರೆ. ತಟ್ಟೆಯಲ್ಲಿ ಇದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದೇ ಉತ್ತರ.

ರಕ್ತಪರೀಕ್ಷೆಯಲ್ಲಿ ಬಿ12 ಮಟ್ಟ ಸಾಮಾನ್ಯವಾಗಿ 200ಕ್ಕಿಂತ ಕಡಿಮೆಯಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನದ ವಲಯ, ಲಕ್ಷಣಗಳಿದ್ದರೆ ವೈದ್ಯರು ಚಿಕಿತ್ಸೆಗೆ ಮುಂದಾಗಬಹುದು. ಹಿಮೋಗ್ಲೋಬಿನ್ ಸರಿಯಾಗಿದೆ ಎಂದು ಸುಮ್ಮನಾಗಬೇಡಿ. ರಕ್ತಹೀನತೆ ಇಲ್ಲದೆಯೂ ನರಗಳಿಗೆ ಹಾನಿಯಾಗಬಹುದು. ಬರೀ ಫೋಲಿಕ್ ಆಸಿಡ್ ಮಾತ್ರೆ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರಗಳ ಹಾನಿ ಮುಂದುವರಿಯುವ ಅಪಾಯವಿದೆ. ನಮ್ಮ ಉದಾಹರಣೆಯ ತಾಯಿಗೆ ಮಟ್ಟ 140 ಬಂತು ಎನ್ನಿ. ಮೊದಲ ಕೆಲವು ವಾರ ಪದೇ ಪದೇ ಇಂಜೆಕ್ಷನ್, ಆಮೇಲೆ ತಿಂಗಳಿಗೊಮ್ಮೆ ಇಂಜೆಕ್ಷನ್ ಅಥವಾ ದಿನಾಲೂ ಮಾತ್ರೆ. ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸುವಂತಿಲ್ಲ.

ಅದೇ ಚೀಲದಲ್ಲಿ ಇನ್ನೂ ಎರಡು ಬಗೆಯ ಮಾತ್ರೆ ಹುಡುಕಿ. ಒಂದು, ಶೀತ, ತುರಿಕೆಗೆಂದು ಔಷಧದಂಗಡಿಯಿಂದ ನೇರ ತಂದ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ. ಇನ್ನೊಂದು, ನಿದ್ದೆಗೆ ಕೊಟ್ಟ ಆಲ್‌ಪ್ರಜೋಲಾಮ್. ವಯಸ್ಸಾದವರ ಮಿದುಳನ್ನು ಇವೆರಡೂ ಮಂಕಾಗಿಸುತ್ತವೆ. ನಿದ್ದೆಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ, ವೈದ್ಯರು ಹಂತಹಂತವಾಗಿ ಇಳಿಸಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಬಹುದು. ಕಿವಿ ಮಂದವಾಗಿದೆಯೇ ಎಂದೂ ನೋಡಿ. ಕೇಳಿಸದೇ ಇದ್ದದ್ದನ್ನು ಎಷ್ಟೋ ಮನೆಗಳಲ್ಲಿ ಮರೆವಿನ ಲೆಕ್ಕಕ್ಕೆ ಸೇರಿಸುತ್ತಾರೆ. ಸಂಗಾತಿಯನ್ನು ಕಳೆದುಕೊಂಡ ಮೇಲೆ ಶುರುವಾದ ಮಂಕಿಗೆ ಖಿನ್ನತೆ ಕಾರಣವಿರಬಹುದು, ಅದಕ್ಕೆ ಬೇರೆ ಚಿಕಿತ್ಸೆಯಿದೆ.

ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ತಲೆಗೆ ಬಿದ್ದ ಪೆಟ್ಟು ಇರಬಹುದು. ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ರಮಝಾನ್ ಉಪವಾಸದಲ್ಲಿ ಸಂಜೆ ಹೊತ್ತಿಗೆ ಬೆವರಿ, ತೊದಲಿದರೆ ತಕ್ಷಣ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಉಪವಾಸ ಬಿಡಿಸಿ ಸಿಹಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಬಿ12 ತುಂಬಿಕೊಟ್ಟ ಮೇಲೆ ಸುಧಾರಣೆ ಕಾಣಲು ವಾರಗಳಿಂದ ತಿಂಗಳುಗಳು ಬೇಕು. ಕೊರತೆ ಹಳೆಯದಾದಷ್ಟೂ ಪೂರ್ತಿ ಗುಣವಾಗುವ ಸಾಧ್ಯತೆ ಕಡಿಮೆ. ಕೆಲವರಲ್ಲಿ ಕೊರತೆಯೂ ಡಿಮೆನ್ಶಿಯಾವೂ ಒಟ್ಟಿಗೇ ಇರುತ್ತವೆ. ಆಗ ಇಂಜೆಕ್ಷನ್ ಮುಗಿದರೂ ಮರೆವು ಹೆಚ್ಚುತ್ತಲೇ ಹೋಗುತ್ತದೆ. ಆದ್ದರಿಂದ ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್ ಬೇಕೆಂದು ವೈದ್ಯರು ಹೇಳಿದರೆ ಇಂಜೆಕ್ಷನ್ ಮುಗಿಯಲಿ ಎಂದು ಮುಂದೂಡಬೇಡಿ. ಹೋಗುವಾಗ ಮಾತ್ರೆಗಳ ಚೀಲವನ್ನು ಹಾಗೆಯೇ ಕೊಂಡೊಯ್ಯಿರಿ, ಯಾವ ದಿನ ಏನು ಮರೆತರು ಎಂದು ಬರೆದ ಚೀಟಿಯನ್ನೂ. ಜೊತೆಗೆ ಹೋಗಬೇಕಾದವರು ದಿನವಿಡೀ ಅವರೊಂದಿಗೆ ಇರುವ ಮಗಳೋ ಸೊಸೆಯೋ. ಊರಿಂದ ರಜೆಗೆ ಬಂದ ಮಗನಿಗೆ ಗೊತ್ತಿರುವುದು ವಾರದ ಮಾತಷ್ಟೇ.