ನೀಲಿ ಡ್ರಮ್ ತೆಗೆಯಲು ಎಷ್ಟಾಗುತ್ತದೆ?

ಚಿತ್ರೀಕರಣ ಮುಗಿದ ಮೇಲೆ ಶಾಟ್‌ನಲ್ಲಿ ಇರಬಾರದ ವಸ್ತುವೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಅದನ್ನು ಅಳಿಸಿ, ಅದರ ಹಿಂದೆ ಇದ್ದಿರಬೇಕಾದ ಗೋಡೆಯನ್ನೋ ನೆಲವನ್ನೋ ಆಕಾಶವನ್ನೋ ಕೂರಿಸುವ ಕೆಲಸವನ್ನು ಎಡಿಟರ್‌ಗಳು ‘ಕ್ಲೀನಪ್’ ಎನ್ನುತ್ತಾರೆ. ದೊಡ್ಡ ಚಿತ್ರಗಳಲ್ಲಿ ಇದಕ್ಕೆ ಪ್ರತ್ಯೇಕ ತಂಡವೇ ಇರುತ್ತದೆ. ಕಿರುಚಿತ್ರ, ಜಾಹೀರಾತು, ಮದುವೆ ವಿಡಿಯೊಗಳಲ್ಲಿ ಮನೆಯಲ್ಲೇ ಕುಳಿತು ಕೆಲಸ ಮಾಡುವ ಫ್ರೀಲ್ಯಾನ್ಸ್ ಎಡಿಟರ್ ಒಬ್ಬರೇ ಎಲ್ಲ ಮಾಡಬೇಕು. ಕೆಲಸ ಶುರುವಾಗುವ ಮುನ್ನ ಅವರು ಕ್ಲೈಂಟ್‌ಗೆ ಬರೆಯುವ ಇಮೇಲ್‌ನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಇರಬೇಕು: ಎಷ್ಟು ದುಡ್ಡು, ಎಷ್ಟು ದಿನ.

ಉತ್ತರ ಸುಲಭವಲ್ಲ. ತೆಗೆಯಬೇಕಾದ ವಸ್ತು ಚಿಕ್ಕದೋ ದೊಡ್ಡದೋ ಎಂಬುದರ ಮೇಲೆ ದರ ನಿಲ್ಲುವುದಿಲ್ಲ. 2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಕೊನೆಯ ಸೀಸನ್ನಿನ ಒಂದು ಕಂತಿನಲ್ಲಿ, ಔತಣದ ಮೇಜಿನ ಮೇಲೆ ಇಂದಿನ ಕಾಲದ ಕಾಫಿ ಲೋಟವೊಂದು ಉಳಿದುಬಿಟ್ಟಿತ್ತು. ಜಗತ್ತೆಲ್ಲ ನಕ್ಕಿತು. ಎಚ್‌ಬಿಒ ಒಂದೆರಡು ದಿನದಲ್ಲೇ ಅದನ್ನು ಅಳಿಸಿ ಕಂತನ್ನು ಮತ್ತೆ ಏರಿಸಿತು. ಅದಕ್ಕೂ ಮುಂಚೆ, 2017ರ ‘ಜಸ್ಟಿಸ್ ಲೀಗ್’ ಚಿತ್ರದ ಮರುಚಿತ್ರೀಕರಣದ ವೇಳೆ ನಟ ಹೆನ್ರಿ ಕ್ಯಾವಿಲ್ ಇನ್ನೊಂದು ಚಿತ್ರಕ್ಕಾಗಿ ಬಿಟ್ಟಿದ್ದ ಮೀಸೆಯನ್ನು ಬೋಳಿಸುವಂತಿರಲಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ತೆಗೆದರು. ಎಷ್ಟೋ ಜನ ಕಷ್ಟಪಟ್ಟರೂ ಮೇಲ್ದುಟಿಯ ವಿಕಾರವನ್ನು ಪ್ರೇಕ್ಷಕರು ಮೊದಲ ನೋಟಕ್ಕೇ ಹಿಡಿದರು. ಮೀಸೆ ಲೋಟಕ್ಕಿಂತ ದೊಡ್ಡದೇನಲ್ಲ. ಆದರೆ ಲೋಟ ಮೇಜಿನ ಮೇಲೆ ಸುಮ್ಮನೆ ಕೂತಿತ್ತು, ಮೀಸೆ ಮಾತಾಡುವ ಮುಖದ ಮೇಲಿತ್ತು.

ಹಾಗಾಗಿ ಅನುಭವಸ್ಥ ಎಡಿಟರ್ ಮೊದಲು ನೋಡುವುದು ವಸ್ತುವನ್ನಲ್ಲ, ಅದರ ಮುಂದೆ ಏನು ಹಾದುಹೋಗುತ್ತದೆ, ಅದರ ಹಿಂದೆ ಏನು ಅಡಗಿದೆ ಎಂಬುದನ್ನು. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡಬಹುದು. 1975ರಲ್ಲಿ ನಡೆಯುವ ಕತೆಯ ಕಿರುಚಿತ್ರ. ಹಂಚಿನ ಮನೆಯ ಅಂಗಳ, ಕಾವಿ ಬಳಿದ ಜಗಲಿ. ಕ್ಯಾಮೆರಾಮನ್ ಹೆಗಲ ಮೇಲೆ ಕ್ಯಾಮೆರಾ ಹೊತ್ತು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಯುತ್ತಾನೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸೊಬ್ಬಳು ಅಂಗಳ ದಾಟಿ ಒಳಗೆ ಹೋಗುತ್ತಾಳೆ. ಶಾಟ್ ಇರುವುದು 10 ಸೆಕೆಂಡ್, ಸೆಕೆಂಡಿಗೆ 24 ಫ್ರೇಮ್‌ನಂತೆ 240 ಫ್ರೇಮ್. ಇದರಲ್ಲಿ ಎರಡು ವಸ್ತು ತೆಗೆಯಬೇಕು: ಹಂಚಿನ ಮೇಲಿನ ಟಿವಿ ಡಿಶ್, ಜಗಲಿಯ ಪಕ್ಕದ ನೀಲಿ ಪ್ಲಾಸ್ಟಿಕ್ ಡ್ರಮ್.

ನಿರ್ದೇಶಕರಿಗೆ ಎದ್ದು ಕಾಣುವುದು ಆಕಾಶಕ್ಕೆ ಚಾಚಿಕೊಂಡ ಡಿಶ್. ಎಡಿಟರ್‌ಗೆ ಅದು ಅಂಥ ತಲೆನೋವಲ್ಲ. ಅದರ ಮುಂದೆ ಯಾರೂ ಹಾಯುವುದಿಲ್ಲ, ಹಿಂದಿರುವುದು ಖಾಲಿ ಆಕಾಶ ಮತ್ತು ಒಂದೇ ಥರದ ಹಂಚಿನ ಸಾಲು. ಕ್ಯಾಮೆರಾದ ಚಲನೆಯನ್ನು ಸಾಫ್ಟ್‌ವೇರ್‌ನಿಂದ ಟ್ರ್ಯಾಕ್ ಮಾಡಿ, ಪಕ್ಕದ ಹಂಚಿನ ತುಂಡೊಂದನ್ನು ತೇಪೆಯಾಗಿ ಹಚ್ಚಿದರೆ ಅದು ಮನೆಗೇ ಅಂಟಿಕೊಂಡಂತೆ ಚಲಿಸುತ್ತದೆ. ಎರಡು ಗಂಟೆ ಸಾಕು.

ಡ್ರಮ್ಮಿನ ಕತೆಯೇ ಬೇರೆ. ಅದು ಗೋಡೆಗೆ ಒತ್ತಿಕೊಂಡಿಲ್ಲ, ಎರಡು ಅಡಿ ಮುಂದಿದೆ. ಕ್ಯಾಮೆರಾ ಸರಿದಂತೆ ಗೋಡೆಗಿಂತ ಡ್ರಮ್ ಬೇಗ ಸರಿದಂತೆ ಕಾಣುತ್ತದೆ. ಇದರಿಂದ ಒಂದು ಲಾಭವೂ ಇದೆ: ಆರಂಭದ ಫ್ರೇಮ್‌ಗಳಲ್ಲಿ ಮುಚ್ಚಿಹೋದ ಗೋಡೆಯ ಭಾಗ ಮುಂದಿನ ಫ್ರೇಮ್‌ಗಳಲ್ಲಿ ಬಯಲಾಗುತ್ತದೆ. ಅಂಥ ತುಂಡುಗಳನ್ನು ಹೆಕ್ಕಿ ಜೋಡಿಸಿ ಡ್ರಮ್ ಇಲ್ಲದ ಗೋಡೆಯ ಒಂದು ಸ್ಥಿರ ಚಿತ್ರ ತಯಾರಿಸುತ್ತಾರೆ. ಇದಕ್ಕೆ ‘ಕ್ಲೀನ್ ಪ್ಲೇಟ್’ ಎಂದು ಹೆಸರು. ಯಾವ ಫ್ರೇಮ್‌ನಲ್ಲೂ ಕಾಣದ ಜಾಗ ಉಳಿದರೆ, ಇಲ್ಲಿ ಡ್ರಮ್ಮಿನ ಬುಡದ ಹಿಂದಿನ ಗೋಡೆ ಹಾಗೆಯೇ ಉಳಿಯುತ್ತದೆ, ಅದನ್ನು ಕೈಯಾರೆ ಬಿಡಿಸಬೇಕು. ಪ್ಲೇಟ್ ತಯಾರಿಸಿ ಕೂರಿಸಲು ಐದು ಗಂಟೆ. ಡ್ರಮ್ ಹೋದರೂ ಅದರ ನೆರಳು ಜಗಲಿಯ ಮೇಲೆ ಉಳಿಯುತ್ತದೆ. ನೀರು ಚೆಲ್ಲಿದ ನೆಲದಲ್ಲಿ ನೀಲಿ ಪ್ರತಿಬಿಂಬವೂ ಇದೆ. ಇವಕ್ಕೆ ಇನ್ನೂ ಮೂರು ಗಂಟೆ. ಹೊಸಬರ ಕೊಟೇಶನ್‌ನಲ್ಲಿ ಹೆಚ್ಚಾಗಿ ತಪ್ಪಿಹೋಗುವ ಸಾಲು ಇದೇ.

ನಿಜವಾದ ದುಡ್ಡು ಹೋಗುವುದು ಕೊನೆಯ ಮೂರು ಸೆಕೆಂಡಿಗೆ. ಹೆಂಗಸು ಡ್ರಮ್ಮಿನ ಮುಂದೆ ಹಾಯುವುದು ಆಗಲೇ. ಗೋಡೆಯ ತೇಪೆ ಅವಳ ಹಿಂದೆ ಬರಬೇಕಾದರೆ ಅವಳ ಅಂಚನ್ನು ಪ್ರತಿ ಫ್ರೇಮ್‌ನಲ್ಲೂ ಗೆರೆ ಎಳೆದು ಬೇರ್ಪಡಿಸಬೇಕು. ಇದೇ ರೋಟೋಸ್ಕೋಪಿಂಗ್, ಬಾಯಿಮಾತಿನಲ್ಲಿ ರೋಟೋ. ಕೊಡ, ತೋಳುಗಳಂಥ ಗಟ್ಟಿ ಅಂಚುಗಳು ಬೇಗ ಮುಗಿಯುತ್ತವೆ. ಗಾಳಿಗೆ ಹಾರುವ ಸೆರಗು, ಬಿಚ್ಚಿದ ಮುಂಗುರುಳು, ನಡಿಗೆಯ ವೇಗಕ್ಕೆ ಮಸುಕಾದ ಕೈ ಹಾಗಲ್ಲ. ಅಲ್ಲಿ ಅಂಚು ಎಲ್ಲಿದೆ ಎಂದು ಹೇಳುವುದೇ ಕಷ್ಟ, ಜತೆಗೆ ಆ ಮಸುಕಿನೊಳಗೆ ಡ್ರಮ್ಮಿನ ನೀಲಿ ಬೆರೆತುಹೋಗಿರುತ್ತದೆ.

ಇಲ್ಲಿ ಅಂದಾಜು ಮಾಡುವ ನಂಬಿಕಸ್ತ ದಾರಿ ಒಂದೇ: ಅತಿ ಕಷ್ಟದ 12 ಫ್ರೇಮ್‌ಗಳನ್ನು ಆರಿಸಿ ಮೊದಲೇ ಮಾಡಿ ನೋಡುವುದು. ಅವಕ್ಕೆ 96 ನಿಮಿಷ ಹಿಡಿದರೆ ಫ್ರೇಮಿಗೆ 8 ನಿಮಿಷ. ಮೂರು ಸೆಕೆಂಡಿನ 72 ಫ್ರೇಮ್‌ಗಳಿಗೆ 576 ನಿಮಿಷ, ಹತ್ತಿರ ಹತ್ತಿರ 10 ಗಂಟೆ. ಕೊನೆಯ ಪರಿಶೀಲನೆಗೂ ಫೈಲ್ ಹೊರತೆಗೆಯಲೂ 2 ಗಂಟೆ ಸೇರಿಸಿದರೆ ಒಟ್ಟು 22. ತಿದ್ದುಪಡಿಗೂ ಎಡವಟ್ಟುಗಳಿಗೂ ಸುಮಾರು ಐದನೇ ಒಂದು ಭಾಗ, ಅಂದರೆ 4 ಗಂಟೆ ಕೂಡಿಸಿದರೆ 26. ಎಡಿಟರ್‌ನ ದರ ಗಂಟೆಗೆ ₹800 ಎಂದಿಟ್ಟುಕೊಂಡರೆ ₹20,800 ಆಯಿತು. ದಿನಗಳ ಲೆಕ್ಕಕ್ಕೆ 26ನ್ನು 8ರಿಂದ ಭಾಗಿಸುವುದು ಮೋಸ ಹೋಗುವ ದಾರಿ. ರೋಟೋ ಕೆಲಸವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಮಾಡಿದರೆ ಕಣ್ಣು ಸೋತು ಅಂಚುಗಳು ಕೆಡುತ್ತವೆ.

ಇಷ್ಟು ಲೆಕ್ಕ ಕೈಯಲ್ಲಿದ್ದಾಗ ಇಮೇಲ್ ಹೀಗೆ ರೂಪು ತಾಳಬಹುದು:

“ನಮಸ್ಕಾರ ಸರ್,

ಅಂಗಳದ ಶಾಟ್ ನೋಡಿದೆ. ಡಿಶ್ ಮತ್ತು ಡ್ರಮ್ ಎರಡನ್ನೂ ತೆಗೆಯಬಹುದು. ಡಿಶ್ ಸುಲಭ. ಡ್ರಮ್ಮಿಗೆ ಸಮಯ ಬೇಕು, ಯಾಕೆಂದರೆ ಕೊನೆಯ ಮೂರು ಸೆಕೆಂಡ್ ನಟಿ ಅದರ ಮುಂದೆಯೇ ಹಾದುಹೋಗುತ್ತಾರೆ. ಅರ್ಧ ಸೆಕೆಂಡಿನಷ್ಟು ಮಾಡಿ ನೋಡಿದ್ದೇನೆ, ಸ್ಯಾಂಪಲ್ ಜತೆಗಿದೆ.

ಎ) ಪೂರ್ತಿ 10 ಸೆಕೆಂಡ್: ₹20,800. ಮೊದಲ ವರ್ಷನ್ ಐದನೇ ಕೆಲಸದ ದಿನ, ಫೈನಲ್ ಎಂಟನೇ ದಿನ.
ಬಿ) ನಟಿ ಡ್ರಮ್ ತಲುಪುವ ಮೊದಲೇ, ಏಳನೇ ಸೆಕೆಂಡಿಗೆ ಕಟ್ ಮಾಡಿ ಕ್ಲೋಸಪ್‌ಗೆ ಹೋಗಲು ನೀವು ಒಪ್ಪಿದರೆ: ₹11,200. ಫೈನಲ್ ಐದನೇ ದಿನ.

ನೆರಳು ಮತ್ತು ನೀರಿನಲ್ಲಿ ಕಾಣುವ ಪ್ರತಿಬಿಂಬ ಎರಡರಲ್ಲೂ ಸೇರಿವೆ. ಎರಡು ಸಲ ತಿದ್ದುಪಡಿಯೂ ಸೇರಿದೆ. ಬೇರೆ ವಸ್ತು ತೆಗೆಯಬೇಕೆಂದರೆ ಅಥವಾ ಶಾಟ್‌ನ ಉದ್ದ ಬದಲಾದರೆ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ನನಗೆ ಬೇಕಿರುವುದು: ಕ್ಯಾಮೆರಾದಿಂದ ಬಂದ ಒರಿಜಿನಲ್ ಫೈಲ್, ಕಲರ್ ಮಾಡದೆ ಇರುವಂಥದ್ದು. ಆ ಮನೆಗೆ ಹೋಗುವುದು ಸಾಧ್ಯವಿದ್ದರೆ, ಡ್ರಮ್ ಸರಿಸಿ ಅದೇ ಹೊತ್ತಿನ ಬೆಳಕಿನಲ್ಲಿ ಗೋಡೆಯದೊಂದು ಫೋಟೊ. ಅದು ಸಿಕ್ಕರೆ ಎರಡು ಗಂಟೆ ಉಳಿಯುತ್ತದೆ, ₹1,600 ಕಡಿಮೆ ಮಾಡುತ್ತೇನೆ.

ಅರ್ಧ ದುಡ್ಡು ಅಡ್ವಾನ್ಸ್. ಅಡ್ವಾನ್ಸ್ ಮತ್ತು ಫೈಲ್ ಎರಡೂ ಬಂದ ಮರುದಿನದಿಂದ ದಿನ ಎಣಿಸುತ್ತೇನೆ. ಈ ರೇಟು 15 ದಿನ ಇರುತ್ತದೆ.”

ಇದರಲ್ಲಿ ಹೆಚ್ಚು ಬೆಲೆಬಾಳುವ ಸಾಲು ‘ಬಿ’. ಮೂರು ಸೆಕೆಂಡ್ ಬಿಟ್ಟರೆ 10 ಗಂಟೆಯ ರೋಟೋ ಹೊರಟುಹೋಗುತ್ತದೆ, ಅದರೊಂದಿಗೆ ತಿದ್ದುಪಡಿಗೆ ಇಟ್ಟ ಸಮಯವೂ ತಗ್ಗಿ 14 ಗಂಟೆಗೆ ಇಳಿಯುತ್ತದೆ. ಒಂದೇ ಮೊತ್ತ ಬರೆದು ಕಳಿಸಿದ್ದರೆ ನಿರ್ದೇಶಕರು ‘ಒಂದು ಡ್ರಮ್ಮಿಗೆ ಇಷ್ಟಾ?’ ಎಂದು ಚೌಕಾಸಿಗೆ ಇಳಿಯುತ್ತಿದ್ದರು. ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಗೊತ್ತಾದಾಗ ಚರ್ಚೆ ಆ ಮೂರು ಸೆಕೆಂಡ್ ಕತೆಗೆ ಬೇಕೋ ಬೇಡವೋ ಎಂಬುದರ ಕಡೆಗೆ ತಿರುಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ನಿರ್ದೇಶಕರೇ. ಡ್ರಮ್ಮಿನ ಮೇಲೆ ಗೋಣಿಚೀಲದ ಚಿತ್ರ ಹೊದಿಸುವ ಉಪಾಯವನ್ನೂ ಕೆಲವರು ಸೂಚಿಸುವುದುಂಟು. ಅದರಿಂದ ಗೋಡೆ ಬಿಡಿಸುವ ಶ್ರಮ ಉಳಿಯುತ್ತದೆ, ರೋಟೋ ಮಾತ್ರ ತಪ್ಪುವುದಿಲ್ಲ.

ಒರಿಜಿನಲ್ ಫೈಲ್ ಕೇಳುವುದು ಶಿಸ್ತಿನ ಮಾತಲ್ಲ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ, ಗೋಡೆಯ ಸಣ್ಣ ಗೆರೆಗಳು ಅಳಿದು ಚೌಕ ಚೌಕವಾಗುತ್ತವೆ. ಅಂಥ ಚಿತ್ರದ ಮೇಲೆ ಟ್ರ್ಯಾಕಿಂಗ್ ಸರಿಯಾಗಿ ನಿಲ್ಲುವುದಿಲ್ಲ, ಮುಂಗುರುಳಿನ ಅಂಚಂತೂ ಸಿಕ್ಕುವುದೇ ಇಲ್ಲ. ಸ್ಯಾಂಪಲ್ ಮಾಡಿ ನೋಡುವುದಕ್ಕೂ ಒರಿಜಿನಲ್ ಬೇಕು. ಕುಗ್ಗಿದ ಫೈಲ್ ನೋಡಿ ಕೊಟ್ಟ ಅಂದಾಜು ಆಮೇಲೆ ಕೈಕೊಡುತ್ತದೆ.

ತಿದ್ದುಪಡಿ ಯಾವುದು, ಹೊಸ ಕೆಲಸ ಯಾವುದು ಎಂಬುದೂ ಬರಹದಲ್ಲಿ ಇರಬೇಕು. ಹೆಚ್ಚು ಜಗಳ ನಡೆಯುವುದು ಅಲ್ಲೇ. ಡ್ರಮ್ ಇದ್ದ ಜಾಗ ನಡುಗುತ್ತಿದ್ದರೆ, ಸೆರಗಿನ ಅಂಚಿನಲ್ಲಿ ನೀಲಿ ಉಳಿದಿದ್ದರೆ, ಅದನ್ನು ಸರಿಪಡಿಸುವುದು ಎಡಿಟರ್‌ನ ಹೊಣೆ, ಎಷ್ಟು ಸಲವಾದರೂ. ‘ಗೋಡೆಯ ಸ್ವಿಚ್‌ಬೋರ್ಡನ್ನೂ ತೆಗೆದುಬಿಡಿ’ ಎಂದರೆ ಅದಕ್ಕೆ ಬೇರೆ ದರ.

ಕೆಲಸ ಕೆಟ್ಟಿದೆಯೋ ಇಲ್ಲವೋ ಎಂದು ಕ್ಲೈಂಟ್ ಕೂಡ ಪರೀಕ್ಷಿಸಬಹುದು. ಮೊಬೈಲಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಟಿವಿಯಲ್ಲಿ ಶಾಟ್ ಮತ್ತೆ ಮತ್ತೆ ಓಡಿಸಿ, ಹೊಳಪನ್ನು ಸ್ವಲ್ಪ ಏರಿಸಿ ನೋಡಬೇಕು. ತೇಪೆ ಗೋಡೆಯ ಮೇಲೆ ಜಾರುತ್ತಿದ್ದರೆ ಟ್ರ್ಯಾಕಿಂಗ್ ತಪ್ಪಿದೆ. ಕ್ಯಾಮೆರಾದ ಸಣ್ಣ ಕಾಳಿನಂಥ ಗ್ರೇನ್ ಇಡೀ ಚಿತ್ರದಲ್ಲಿ ಮಿಣುಗುತ್ತಿದ್ದು, ಒಂದು ಜಾಗದಲ್ಲಿ ಮಾತ್ರ ಸತ್ತಂತಿದ್ದರೆ ಅಲ್ಲಿ ಹಚ್ಚಿದ ಸ್ಥಿರಚಿತ್ರಕ್ಕೆ ಗ್ರೇನ್ ಸೇರಿಸಿಲ್ಲ ಎಂದರ್ಥ. ಕಲರ್ ಮಾಡಿದ ಮೇಲೆ ಇಂಥ ದೋಷಗಳು ಇನ್ನಷ್ಟು ಎದ್ದು ಕಾಣುತ್ತವೆ. ಎಡಿಟರ್ ಒಪ್ಪಿಸುವ ಮೊದಲು ತಾವೇ ಗಾಢವಾದ ಕಲರ್ ಹಾಕಿ ನೋಡುವುದು ಅದಕ್ಕೇ.

ಇನ್ನು ತೆರಿಗೆ. ವರ್ಷದ ಒಟ್ಟು ವಹಿವಾಟು ₹20 ಲಕ್ಷ ದಾಟದ ಸೇವಾದಾರರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇದ್ದರೆ ಮೊತ್ತದ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಹಾಗಾಗಿ ದರ ಜಿಎಸ್‌ಟಿ ಸೇರಿಯೋ ಸೇರದೆಯೋ ಎಂಬುದನ್ನು ಇಮೇಲ್‌ನಲ್ಲೇ ಬರೆಯುವುದು ಕ್ಷೇಮ. ಕ್ಲೈಂಟ್ ಕಂಪನಿಯಾಗಿದ್ದು ಟಿಡಿಎಸ್ ಹಿಡಿಯುವುದಾದರೆ ಕೈಗೆ ಬರುವ ಮೊತ್ತ ಅಷ್ಟು ಕಡಿಮೆಯಾಗುತ್ತದೆ. ಆ ದುಡ್ಡು ಎಡಿಟರ್‌ನ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ವರ್ಷದ ಕೊನೆಗೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ.