ಋಣ ತೂಕದ ದಾರಿಗಳು

ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮವು ಪ್ರತಿ ಹಂತದಲ್ಲೂ ಅತಿ ಹತ್ತಿರದ ಬಿಂದುವನ್ನು ಆರಿಸಿ, ಅದರ ದೂರವನ್ನು ಅಂತಿಮವೆಂದು ಮುದ್ರೆ ಒತ್ತುತ್ತದೆ. ಮುಂದೆ ಸಾಗಿದಷ್ಟೂ ದೂರ ಕಡಿಮೆಯಾಗದು ಎಂಬುದೇ ಇದರ ಆಧಾರ.

ಅ ಬಿಂದುವಿನಿಂದ ಕ ಬಿಂದುವಿಗೆ 2, ಮ ಬಿಂದುವಿಗೆ 5, ಮ ಇಂದ ಕ ಗೆ −4 ಎಂದಿರಲಿ. ಕ್ರಮವು ಮೊದಲು ಕ ಗೆ 2 ಎಂದು ಮುದ್ರೆ ಒತ್ತುತ್ತದೆ. ಆದರೆ ಮ ಮೂಲಕ ಹೋದರೆ ತಗಲುವುದು ಕೇವಲ 1. ಅದು ತಿಳಿಯುವ ಹೊತ್ತಿಗೆ ಕ ಯ ಕಡತ ಮುಚ್ಚಿರುತ್ತದೆ. ಎಲ್ಲ ದಾರಿಗಳಿಗೂ 4 ಕೂಡಿಸಿ ಋಣವನ್ನು ಅಳಿಸುವ ಉಪಾಯ ಆಕರ್ಷಕವಾದರೂ ತಪ್ಪು: ನೇರ ದಾರಿ 6, ಬಳಸುದಾರಿ 9 ಆಗುತ್ತದೆ. ಹೆಚ್ಚು ಕೊಂಡಿಗಳಿರುವ ದಾರಿಗೆ ಹೆಚ್ಚು ದಂಡ ಬಿದ್ದಂತೆ.

ಬೆಲ್‌ಮನ್–ಫೋರ್ಡ್ ಕ್ರಮ ಯಾವುದನ್ನೂ ಬೇಗ ಅಂತಿಮಗೊಳಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಎಲ್ಲ ಕೊಂಡಿಗಳನ್ನು ಪರೀಕ್ಷಿಸಿ, ಕಡಿಮೆ ದೂರ ಸಿಕ್ಕರೆ ತಿದ್ದುತ್ತದೆ. ಋಣ ಚಕ್ರವಿಲ್ಲದಿದ್ದರೆ, ಮೂರು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿಯಲ್ಲಿ ಎರಡಕ್ಕಿಂತ ಹೆಚ್ಚು ಕೊಂಡಿಗಳು ಬೇಕಿಲ್ಲ; ಹಾಗಾಗಿ ಎರಡು ಸುತ್ತು ಸಾಕು.

ಈಗ ಕ ಇಂದ ಮ ಗೆ 3 ತೂಕದ ಕೊಂಡಿ ಸೇರಿಸೋಣ. ಮ–ಕ–ಮ ಸುತ್ತಿದರೆ ಒಟ್ಟು −1. ಸುತ್ತಿದಷ್ಟೂ ದೂರ ಇಳಿಯುತ್ತದೆ, ‘ಅತಿ ಚಿಕ್ಕದು’ ಎಂಬುದೇ ಉಳಿಯದು. ಮೂರನೇ ಸುತ್ತಿನಲ್ಲೂ ಕ ಯ ದೂರ 0 ಇಂದ −1ಕ್ಕೆ ಇಳಿಯುತ್ತದೆ. ಅದೇ ಪುರಾವೆ. ಪ್ರತಿ ಬಿಂದುವಿನ ‘ಹಿಂದಿನ ಬಿಂದು’ವನ್ನು ಬರೆದಿಟ್ಟಿದ್ದರೆ, ಅಲ್ಲಿಂದ ಮೂರು ಹೆಜ್ಜೆ ಹಿಂದೆ ನಡೆದಾಗ ಚಕ್ರದೊಳಗೇ ನಿಲ್ಲುತ್ತೇವೆ. ಆದರೆ ಆರಂಭದ ಬಿಂದುವಿನಿಂದ ತಲುಪಲಾಗದ ಚಕ್ರ ಈ ಪರೀಕ್ಷೆಗೆ ಕಾಣುವುದಿಲ್ಲ. ಅದಕ್ಕಾಗಿ ಎಲ್ಲ ಬಿಂದುಗಳ ದೂರವನ್ನೂ 0 ಎಂದಿಟ್ಟು ಆರಂಭಿಸುತ್ತಾರೆ.